ಫ್ಲೂ ಲಸಿಕೆ: ಒಂದು ವರ್ಷ ಶೇ 60, ಮತ್ತೊಂದು ವರ್ಷ ಶೇ 19 – ರಕ್ಷಣೆ ಏರುಪೇರಾಗುವುದೇಕೆ, ಆದರೂ ಕಾಯಿಲೆ ಹಗುರಾಗುವುದು ಹೇಗೆ?

ಮಳೆಗಾಲ ಹತ್ತಿರವಾದಂತೆ ಫ್ಲೂ ಲಸಿಕೆಯ ಬಗ್ಗೆ ಜನ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇವೇ. ಕೇಳುವವರಲ್ಲಿ ಹೆಚ್ಚಿನವರು ಲಸಿಕೆಯ ವಿರೋಧಿಗಳಲ್ಲ. ಹಾಕಿಸಿಕೊಂಡು ನಿರಾಶರಾದವರು, ಅಥವಾ ವಯಸ್ಸಾದ ತಂದೆತಾಯಿಗೆ ಹಾಕಿಸಬೇಕೇ ಎಂದು ತೂಗಿ ನೋಡುತ್ತಿರುವವರು. ಅಂಥವರಿಗೆ ಅರ್ಧ ಉತ್ತರ ಕೊಟ್ಟು ಕಳಿಸುವುದು ತಪ್ಪು ಎಂದು ನಂಬಿ ಈ ಪುಟವನ್ನು ಸ್ವಲ್ಪ ದೀರ್ಘವಾಗಿಯೇ ಬರೆದಿದ್ದೇನೆ.

ಕಳೆದ ವರ್ಷ ಲಸಿಕೆ ಹಾಕಿಸಿಕೊಂಡಿದ್ದೆ. ಎರಡು ತಿಂಗಳಲ್ಲೇ ನೆಗಡಿ, ಜ್ವರ ಬಂತು. ಹಾಗಾದರೆ ಲಸಿಕೆ ಕೆಲಸ ಮಾಡಲಿಲ್ಲ ಎಂದೇ ಅರ್ಥವಲ್ಲವೇ?

ಹಾಗೆಂದು ಕೂಡಲೇ ತೀರ್ಮಾನಿಸಲು ಆಗುವುದಿಲ್ಲ. ನೆಗಡಿ, ಕೆಮ್ಮು, ಜ್ವರ ತರುವ ವೈರಾಣುಗಳು ಹತ್ತಾರು ಇವೆ. ಫ್ಲೂ ಲಸಿಕೆ ತಡೆಯಲು ಯತ್ನಿಸುವುದು ಇನ್‌ಫ್ಲುಯೆಂಜಾ ಎಂಬ ಒಂದೇ ಬಗೆಯ ವೈರಾಣುವನ್ನು. ಗಂಟಲಿನ ದ್ರವ ತೆಗೆದು ಪರೀಕ್ಷೆ ಮಾಡಿಸದೆ ಯಾವುದು ಫ್ಲೂ, ಯಾವುದು ಬೇರೆ ಎಂದು ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ. ನಮ್ಮ ಕಡೆ ಮಳೆಗಾಲದ ಜ್ವರವೆಂದರೆ ಡೆಂಗಿಯೂ ಇರಬಹುದು.

ಇನ್ನೊಂದು ವಿಷಯ: ಚುಚ್ಚುಮದ್ದು ಹಾಕಿದ ದಿನವೇ ರಕ್ಷಣೆ ಸಿಗುವುದಿಲ್ಲ, ದೇಹ ಪ್ರತಿಕಾಯಗಳನ್ನು ತಯಾರಿಸಲು ಸುಮಾರು ಎರಡು ವಾರ ಬೇಕು. ಆ ನಡುವೆ ಸೋಂಕು ತಗುಲಿದರೆ ಅದು ಲಸಿಕೆಯ ತಪ್ಪಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸತ್ಯ ಉಳಿಯುತ್ತದೆ. ಲಸಿಕೆ ಹಾಕಿಸಿಕೊಂಡು, ಎರಡು ವಾರ ಕಳೆದು, ಪರೀಕ್ಷೆಯಲ್ಲಿ ಖಚಿತವಾದ ಫ್ಲೂ ಬಂದವರೂ ಇದ್ದಾರೆ. ಕೆಲವು ವರ್ಷ ಅಂಥವರು ಬಹಳ ಮಂದಿ ಇರುತ್ತಾರೆ. ಈ ಪುಟ ಇರುವುದೇ ಅವರಿಗಾಗಿ.

"ಈ ವರ್ಷದ ಲಸಿಕೆ ಶೇ 40ರಷ್ಟು ಪರಿಣಾಮಕಾರಿ" ಎಂದು ಪತ್ರಿಕೆಯಲ್ಲಿ ಓದಿದೆ. ನೂರರಲ್ಲಿ ಅರವತ್ತು ಜನರಿಗೆ ಫ್ಲೂ ಬರುತ್ತದೆ ಎಂದೇ?

ಅಲ್ಲ. ಈ ತಪ್ಪು ತಿಳಿವಳಿಕೆ ಬಹಳ ವ್ಯಾಪಕ. ಆ ಸಂಖ್ಯೆ ಹೇಳುವುದು ಹೋಲಿಕೆಯನ್ನು. ಒಂದು ಋತುವಿನಲ್ಲಿ ಲಸಿಕೆಯಿಲ್ಲದ ಸಾವಿರ ಜನರಲ್ಲಿ ನೂರು ಮಂದಿಗೆ ಫ್ಲೂ ಬಂತು ಎಂದಿಟ್ಟುಕೊಳ್ಳಿ. ಲಸಿಕೆ ಪಡೆದ, ಉಳಿದೆಲ್ಲ ವಿಷಯಗಳಲ್ಲಿ ಅವರಂತೆಯೇ ಇರುವ ಸಾವಿರ ಜನರಲ್ಲಿ ಅರವತ್ತು ಮಂದಿಗೆ ಬಂದರೆ, ನೂರರ ಜಾಗದಲ್ಲಿ ನಲವತ್ತು ಕಡಿಮೆಯಾಯಿತು. ಅದೇ ಶೇ 40. ಆ ಸಾವಿರದಲ್ಲಿ 940 ಮಂದಿಗೆ ಫ್ಲೂ ಬರಲೇ ಇಲ್ಲ ಎಂಬುದನ್ನು ಗಮನಿಸಿ.

ಆ ಸಂಖ್ಯೆಯಲ್ಲಿ ಅಡಗಿರುವ ಇನ್ನೊಂದು ಮಿತಿಯನ್ನು ಹೆಚ್ಚಿನ ವರದಿಗಳು ಹೇಳುವುದಿಲ್ಲ. ಸಾಮಾನ್ಯವಾಗಿ ಪ್ರಕಟವಾಗುವ ಅಂಕಿ "ವೈದ್ಯರ ಬಳಿ ಹೋಗುವಷ್ಟು ಕಾಯಿಲೆ"ಗೆ ಸಂಬಂಧಿಸಿದ್ದು. ಎರಡು ದಿನ ಮೈಕೈ ನೋವಿನಿಂದ ಮಲಗಿ ಎದ್ದವನೂ, ಕೃತಕ ಉಸಿರಾಟದವರೆಗೆ ಹೋದವನೂ ಆ ಲೆಕ್ಕದಲ್ಲಿ ಒಂದೊಂದು ಪ್ರಕರಣವಷ್ಟೇ. ಕಾಯಿಲೆ ಎಷ್ಟು ಗಟ್ಟಿಯಾಗಿ ಬಂತು ಎಂಬುದು ಅದರಲ್ಲಿ ಕಾಣಿಸುವುದೇ ಇಲ್ಲ.

ಈ ಪ್ರಮಾಣವನ್ನು ಪ್ರತಿ ವರ್ಷ ಅಳೆಯುವುದು ಹೇಗೆ?

ಜ್ವರ, ಕೆಮ್ಮು ಎಂದು ಆಸ್ಪತ್ರೆಗೆ ಬಂದವರೆಲ್ಲರಿಗೂ ಫ್ಲೂ ಪರೀಕ್ಷೆ ಮಾಡುತ್ತಾರೆ. ಕೆಲವರಲ್ಲಿ ಫ್ಲೂ ಸಿಗುತ್ತದೆ, ಉಳಿದವರಲ್ಲಿ ಸಿಗುವುದಿಲ್ಲ. ಎರಡೂ ಗುಂಪಿನಲ್ಲಿ ಲಸಿಕೆ ಹಾಕಿಸಿಕೊಂಡವರು ಎಷ್ಟು ಎಂದು ನೋಡುತ್ತಾರೆ. ಬರಿಯ ಉದಾಹರಣೆಗೆ ಒಂದು ಲೆಕ್ಕ: ಫ್ಲೂ ಇಲ್ಲದ 600 ಜನರಲ್ಲಿ 300 ಮಂದಿ ಲಸಿಕೆ ಪಡೆದವರು, 300 ಮಂದಿ ಪಡೆಯದವರು. ಅಂದರೆ ಆ ಊರಿನಲ್ಲಿ ಇಬ್ಬರಿಗೊಬ್ಬರು ಲಸಿಕೆ ಪಡೆದಿದ್ದಾರೆ ಎಂದು ಸ್ಥೂಲವಾಗಿ ತಿಳಿಯಬಹುದು. ಲಸಿಕೆಯಿಂದ ಏನೂ ಪ್ರಯೋಜನವಿಲ್ಲದಿದ್ದರೆ ಫ್ಲೂ ಇರುವ 400 ಜನರಲ್ಲೂ ಅದೇ ಅನುಪಾತ, ಇನ್ನೂರು–ಇನ್ನೂರು, ಇರಬೇಕಿತ್ತು. ಆದರೆ ಸಿಕ್ಕಿದ್ದು ಲಸಿಕೆ ಪಡೆದವರು 160, ಪಡೆಯದವರು 240. 160ನ್ನು 240ರಿಂದ ಭಾಗಿಸಿದರೆ 0.67, 300ನ್ನು 300ರಿಂದ ಭಾಗಿಸಿದರೆ 1. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.67, ಅದನ್ನು ಒಂದರಿಂದ ಕಳೆದರೆ 0.33 ಉಳಿಯುತ್ತದೆ. ಲಸಿಕೆಯ ಪರಿಣಾಮ ಶೇ 33.

ಈ ವಿಧಾನದ ಜಾಣತನ ಎಲ್ಲಿದೆಯೆಂದರೆ, ಎರಡೂ ಗುಂಪಿನವರು ಕಾಯಿಲೆ ಬಿದ್ದು ಒಂದೇ ಬಾಗಿಲಿಗೆ ಬಂದವರು. ಆರೋಗ್ಯದ ಬಗ್ಗೆ ಕಾಳಜಿ ಇರುವವರು ಲಸಿಕೆಯನ್ನೂ ಹಾಕಿಸಿಕೊಳ್ಳುತ್ತಾರೆ, ಬೇಗ ವೈದ್ಯರ ಬಳಿಗೂ ಹೋಗುತ್ತಾರೆ ಎಂಬ ಗೊಂದಲ ಇದರಿಂದ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಆದ್ದರಿಂದಲೇ ಈ ಅಂಕಿಗಳನ್ನು ಚಿನ್ನದ ತೂಕದಂತೆ ನೋಡಬಾರದು. ಶೇ 38 ಮತ್ತು ಶೇ 42ರ ನಡುವೆ ನಿಜವಾದ ವ್ಯತ್ಯಾಸ ಇಲ್ಲದೆಯೂ ಇರಬಹುದು. ಆದರೆ ಶೇ 60 ಮತ್ತು ಶೇ 19ರ ನಡುವಿನ ಅಂತರ ಲೆಕ್ಕದ ಅಲುಗಾಟವಲ್ಲ. ಅಮೆರಿಕದಲ್ಲಿ 2010–11ರ ಋತುವಿನಲ್ಲಿ ಲಸಿಕೆಯ ಪರಿಣಾಮ ಶೇ 60 ಇತ್ತು, 2014–15ರಲ್ಲಿ ಶೇ 19ಕ್ಕೆ ಕುಸಿಯಿತು.

ಪೋಲಿಯೊ, ದಡಾರ ಲಸಿಕೆಗಳು ಹೀಗೆ ಏರುಪೇರಾಗುವುದಿಲ್ಲ. ಫ್ಲೂ ಲಸಿಕೆಗೇ ಏಕೆ ಈ ಪಾಡು?

ದಡಾರದ ವೈರಾಣು ಹತ್ತಾರು ವರ್ಷಗಳಿಂದ ತನ್ನ ಮುಖಚರ್ಯೆಯನ್ನು ಹೆಚ್ಚು ಬದಲಿಸಿಲ್ಲ. ಒಮ್ಮೆ ಗುರುತು ಹಿಡಿದ ದೇಹ ಅದನ್ನು ಮತ್ತೆ ಗುರುತಿಸುತ್ತದೆ. ಫ್ಲೂ ವೈರಾಣು ಹಾಗಲ್ಲ. ಅದು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಅಕ್ಷರ ತಪ್ಪುಗಳು ಆಗುತ್ತಲೇ ಇರುತ್ತವೆ, ಅವನ್ನು ತಿದ್ದುವ ವ್ಯವಸ್ಥೆ ಅದರಲ್ಲಿ ಇಲ್ಲ. ವೈರಾಣುವಿನ ಮೈಮೇಲೆ ಮೊಳೆಗಳಂತೆ ನಿಂತಿರುವ ಹೀಮಾಗ್ಲುಟಿನಿನ್ ಎಂಬ ಪ್ರೋಟೀನ್ ಇದೆ. "ಎಚ್3ಎನ್2" ಎಂಬ ಹೆಸರಿನಲ್ಲಿರುವ "ಎಚ್" ಇದೇ. ನಮ್ಮ ಗಂಟಲು, ಶ್ವಾಸನಾಳದ ಕೋಶಗಳಿಗೆ ವೈರಾಣು ಅಂಟಿಕೊಳ್ಳುವುದು ಇದರ ತುದಿಯಿಂದ. ಲಸಿಕೆ ಹುಟ್ಟಿಸುವ ಪ್ರತಿಕಾಯಗಳು ಬಂದು ಕೂರುವುದೂ ಆ ತುದಿಯ ಸುತ್ತಮುತ್ತಲೇ. ಅಲ್ಲಿ ಒಂದೆರಡು ಕಡೆ ಆಕಾರ ಬದಲಾದರೆ ಸಾಕು, ಹಳೆಯ ಪ್ರತಿಕಾಯಕ್ಕೆ ಹಿಡಿತ ಸಿಗುವುದಿಲ್ಲ.

ಕೋಟ್ಯಂತರ ಜನರ ಮೈಯಲ್ಲಿ ಹಳೆಯ ತಳಿಗೆ ಪ್ರತಿಕಾಯ ಇರುವಾಗ, ಹಾಗೆ ಆಕಾರ ಬದಲಿಸಿದ ವೈರಾಣುವಿಗೆ ಮಾತ್ರ ದಾರಿ ಸಲೀಸು. ಅದೇ ಹರಡುತ್ತದೆ. ನಾಲ್ಕು ಬಗೆಯ ಫ್ಲೂಗಳ ಪೈಕಿ ಮನುಷ್ಯರಲ್ಲಿ ಈಗ ಋತುಋತುವಿಗೆ ಹರಡುವವು ಮುಖ್ಯವಾಗಿ ಎ ಬಗೆಯ ಎಚ್1ಎನ್1 ಮತ್ತು ಎಚ್3ಎನ್2, ಹಾಗೂ ಬಿ ಬಗೆಯ ವಿಕ್ಟೋರಿಯಾ ವಂಶ. ಇವುಗಳಲ್ಲಿ ಅತಿ ಬೇಗ ಬದಲಾಗುವುದು ಎಚ್3ಎನ್2. ಲಸಿಕೆಯ ಹೆಸರು ಕೆಟ್ಟ ವರ್ಷಗಳನ್ನು ತೆಗೆದು ನೋಡಿದರೆ ಹೆಚ್ಚಾಗಿ ಅದರದೇ ಕೈವಾಡ ಕಾಣುತ್ತದೆ.

ಬದಲಾಗುತ್ತದೆ ಎಂದು ಗೊತ್ತಿದ್ದರೆ, ಬದಲಾದ ಮೇಲೆಯೇ ಲಸಿಕೆ ತಯಾರಿಸಬಾರದೇ?

ಸಮಯ ಸಾಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1952ರಿಂದ ಜಾಗತಿಕ ಫ್ಲೂ ನಿಗಾ ಜಾಲವೊಂದನ್ನು ನಡೆಸುತ್ತಿದೆ. ನೂರಕ್ಕೂ ಹೆಚ್ಚು ದೇಶಗಳ ಪ್ರಯೋಗಾಲಯಗಳು ಅದರಲ್ಲಿವೆ. ನಮ್ಮ ದೇಶದಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದರ ಭಾಗ. ವರ್ಷಕ್ಕೆ ಎರಡು ಬಾರಿ ತಜ್ಞರು ಸೇರಿ ಯಾವ ತಳಿಗಳನ್ನು ಲಸಿಕೆಗೆ ಹಾಕಬೇಕೆಂದು ಸೂಚಿಸುತ್ತಾರೆ: ಉತ್ತರ ಗೋಳಾರ್ಧದ ಚಳಿಗಾಲಕ್ಕೆ ಫೆಬ್ರುವರಿಯಲ್ಲಿ, ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರಿನಲ್ಲಿ. ಅಲ್ಲಿಂದ ಆರೇಳು ತಿಂಗಳು ತಯಾರಿಕೆ. ಲಸಿಕೆಯ ಬಹುಪಾಲು ಇಂದಿಗೂ ತಯಾರಾಗುವುದು ಕೋಳಿಮೊಟ್ಟೆಯಲ್ಲಿ. ಮೊಟ್ಟೆಯಲ್ಲಿ ಚೆನ್ನಾಗಿ ಬೆಳೆಯುವ ತಳಿಯನ್ನು ಸಿದ್ಧಪಡಿಸಬೇಕು, ಬೆಳೆಸಬೇಕು, ವೈರಾಣುವನ್ನು ನಿಷ್ಕ್ರಿಯಗೊಳಿಸಿ ಶುದ್ಧೀಕರಿಸಬೇಕು, ಪ್ರಮಾಣ ಅಳೆದು ಪರೀಕ್ಷಿಸಿ ಸೀಸೆಗೆ ತುಂಬಬೇಕು. ಆ ಆರೇಳು ತಿಂಗಳು ವೈರಾಣು ಸುಮ್ಮನೆ ಕೂತಿರುವುದಿಲ್ಲ.

ಹಾಗೆ ಲೆಕ್ಕ ತಪ್ಪಿದ ಒಂದು ವರ್ಷವನ್ನು ವಿವರವಾಗಿ ಹೇಳಬಹುದೇ?

2014–15ರ ಚಳಿಗಾಲವನ್ನೇ ನೋಡೋಣ. 2014ರ ಫೆಬ್ರುವರಿಯಲ್ಲಿ ತಜ್ಞರು ಎಚ್3ಎನ್2ರ ಪ್ರತಿನಿಧಿಯಾಗಿ ಆರಿಸಿದ್ದು 2012ರಲ್ಲಿ ಟೆಕ್ಸಾಸ್‌ನಲ್ಲಿ ಸಿಕ್ಕಿದ ತಳಿ. ಅದರ ಪೂರ್ಣ ಹೆಸರು ಎ/ಟೆಕ್ಸಾಸ್/50/2012. ಆ ದಿನ ಕೈಯಲ್ಲಿದ್ದ ಮಾದರಿಗಳ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ ಆಗಿತ್ತು. ಆಯ್ಕೆ ಮುಗಿದ ಮೇಲೆ, ಮಾರ್ಚ್ ಕೊನೆಯ ಹೊತ್ತಿಗೆ, ಅಮೆರಿಕದ ಪ್ರಯೋಗಾಲಯಗಳಲ್ಲಿ ಟೆಕ್ಸಾಸ್ ತಳಿಯ ಪ್ರತಿಕಾಯಗಳಿಗೆ ಸರಿಯಾಗಿ ಸಿಕ್ಕದ ಎಚ್3ಎನ್2 ವೈರಾಣುಗಳು ಕಾಣಿಸತೊಡಗಿದವು. ಮೊದಲು ಬೆರಳೆಣಿಕೆಯಷ್ಟು. ಬೇಸಿಗೆ ಕಳೆಯುತ್ತ ಅವುಗಳ ಪಾಲು ಏರಿತು. ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ ತಳಿ ಆರಿಸುವಾಗ ತಜ್ಞರು ಟೆಕ್ಸಾಸನ್ನು ಬಿಟ್ಟು ಸ್ವಿಟ್ಜರ್ಲೆಂಡ್‌ನ ಹೊಸ ತಳಿಯನ್ನು ಸೂಚಿಸಿದರು. ಆದರೆ ಉತ್ತರದ ಲಸಿಕೆ ಅಷ್ಟರಲ್ಲಿ ತಯಾರಾಗಿ ಆಸ್ಪತ್ರೆ, ಔಷಧಿ ಅಂಗಡಿಗಳನ್ನು ಸೇರಿತ್ತು.

ಡಿಸೆಂಬರ್ ಮೊದಲ ವಾರದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ವೈದ್ಯರಿಗೆ ಎಚ್ಚರಿಕೆ ಕಳಿಸಿತು: ಹರಡುತ್ತಿರುವ ಎಚ್3ಎನ್2ರ ದೊಡ್ಡ ಪಾಲು ಲಸಿಕೆಯ ತಳಿಗಿಂತ ದೂರ ಸರಿದಿದೆ, ಆದ್ದರಿಂದ ವೈರಾಣು ನಿರೋಧಕ ಔಷಧಿಯನ್ನು ತಡಮಾಡದೆ ಕೊಡಿ. ಋತು ಮುಗಿದ ಮೇಲೆ ಲೆಕ್ಕ ಹಾಕಿದಾಗ ಎಚ್3ಎನ್2 ವಿರುದ್ಧ ಲಸಿಕೆಯ ಪರಿಣಾಮ ಬರೀ ಶೇ 6. ಅಂಕಿಶಾಸ್ತ್ರದ ದೃಷ್ಟಿಯಿಂದ ಅದು ಸೊನ್ನೆಯಿಂದ ಬೇರೆಯಲ್ಲ. ಅದೇ ಲಸಿಕೆ ಅದೇ ಋತುವಿನಲ್ಲಿ ಬಿ ಬಗೆಯ ಯಮಗಾಟಾ ವಂಶದ ವಿರುದ್ಧ ಶೇ 55ರಷ್ಟು ಕೆಲಸ ಮಾಡಿತ್ತು. ಎರಡನ್ನೂ ಸೇರಿಸಿದಾಗ ಬಂದದ್ದು ಶೇ 19.

ಈ ಒಂದು ವರ್ಷದಲ್ಲಿ ಎರಡು ವಿಷಯಗಳು ಒಟ್ಟಿಗೆ ಕಾಣುತ್ತವೆ. ಪತ್ರಿಕೆಯಲ್ಲಿ ಬರುವ "ಲಸಿಕೆಯ ಪರಿಣಾಮ" ಎಂಬ ಒಂದು ಅಂಕಿ ನಿಜದಲ್ಲಿ ಒಂದೇ ಚುಚ್ಚುಮದ್ದಿನಲ್ಲಿರುವ ಮೂರು ನಾಲ್ಕು ಬೇರೆ ಬೇರೆ ತಳಿಗಳ ಫಲದ ಮಿಶ್ರಣ. ಆ ವರ್ಷ ಯಾವ ವೈರಾಣು ಹೆಚ್ಚು ಹರಡಿತು ಎಂಬುದರ ಮೇಲೆ ಮಿಶ್ರಣದ ಸರಾಸರಿ ಏರುತ್ತದೆ, ಇಳಿಯುತ್ತದೆ. ಲಸಿಕೆ ಒಂದಿಷ್ಟೂ ಬದಲಾಗದೆಯೂ ಅದರ ಅಂಕಿ ಬದಲಾಗಬಲ್ಲದು.

ತಳಿ ಸರಿಯಾಗಿ ಆರಿಸಿದ ವರ್ಷ ಪರಿಣಾಮ ಚೆನ್ನಾಗಿಯೇ ಇರುತ್ತದೆಯೇ?

ಇರಬೇಕಿತ್ತು, ಆದರೆ ಯಾವಾಗಲೂ ಇರುವುದಿಲ್ಲ. ಇದಕ್ಕೆ ಕಾರಣ ಮೊಟ್ಟೆ. ಮನುಷ್ಯನ ಶ್ವಾಸನಾಳದಲ್ಲಿ ಬೆಳೆಯಲು ಒಗ್ಗಿದ ವೈರಾಣುವನ್ನು ಕೋಳಿಮೊಟ್ಟೆಯೊಳಗೆ ಬೆಳೆಸಿದಾಗ, ಅದು ಅಲ್ಲಿನ ಕೋಶಗಳಿಗೆ ಅಂಟಿಕೊಳ್ಳಲು ತನ್ನ ಹೀಮಾಗ್ಲುಟಿನಿನ್‌ನ ತುದಿಯನ್ನು ಒಂದಿಷ್ಟು ಬದಲಿಸಿಕೊಳ್ಳುತ್ತದೆ. ಪ್ರತಿಕಾಯಗಳು ಹಿಡಿಯಬೇಕಾದ ಜಾಗವೂ ಅದೇ ತುದಿ.

2014ರ ಸುಮಾರಿಗೆ ಹರಡತೊಡಗಿದ ಎಚ್3ಎನ್2 ವಂಶವೊಂದು ತನ್ನ ತುದಿಯ ಒಂದು ಜಾಗದಲ್ಲಿ ಸಕ್ಕರೆಯ ಕಣಗಳ ಗೊಂಚಲನ್ನು ಹೊಸದಾಗಿ ಹೊದ್ದುಕೊಂಡಿತ್ತು. ಆ ಹೊದಿಕೆ ಆ ಜಾಗವನ್ನು ಪ್ರತಿಕಾಯಗಳಿಂದ ಮರೆಮಾಡುತ್ತಿತ್ತು. ತಜ್ಞರು ಆ ವಂಶದ್ದೇ ಆದ ಹಾಂಕಾಂಗ್ ತಳಿಯನ್ನು ಲಸಿಕೆಗೆ ಆರಿಸಿದರು. ಆಯ್ಕೆ ಸರಿ. ಆದರೆ ಮೊಟ್ಟೆಯಲ್ಲಿ ಬೆಳೆಸುವಾಗ ವೈರಾಣು ಆ ಸಕ್ಕರೆಯ ಹೊದಿಕೆಯನ್ನು ಕಳಚಿಕೊಂಡಿತು. ಲಸಿಕೆ ಪಡೆದವರ ದೇಹ ಕಲಿತದ್ದು ಹೊದಿಕೆಯಿಲ್ಲದ ಮುಖವನ್ನು, ಬೀದಿಯಲ್ಲಿ ಓಡಾಡುತ್ತಿದ್ದದ್ದು ಹೊದ್ದುಕೊಂಡ ಮುಖ. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದನ್ನು ತೋರಿಸಿಕೊಟ್ಟಿತು. ಮೊಟ್ಟೆಯಿಲ್ಲದೆ, ಪ್ರಾಣಿಕೋಶಗಳಲ್ಲಿ ಬೆಳೆಸುವ ಅಥವಾ ಪ್ರೋಟೀನನ್ನು ನೇರವಾಗಿ ತಯಾರಿಸುವ ಲಸಿಕೆಗಳಿಗೆ ಈ ತೊಂದರೆ ಇಲ್ಲ. ಅವು ಎಲ್ಲ ಕಡೆ ಸಿಗುವಂತಾಗಬೇಕು ಎಂದು ನಾನು ಹಾರೈಸುವುದು ಈ ಕಾರಣಕ್ಕೆ.

ಒಂದೇ ಮನೆಯಲ್ಲಿ, ಒಂದೇ ದಿನ, ಒಂದೇ ಲಸಿಕೆ. ಮಗಳಿಗೆ ಏನೂ ಆಗಲಿಲ್ಲ, ಅಜ್ಜಿಗೆ ಫ್ಲೂ ಬಂತು. ಏಕೆ?

ಲಸಿಕೆ ಪಾಠ ಹೇಳುತ್ತದೆ, ಕಲಿಯಬೇಕಾದದ್ದು ದೇಹ. ಎಪ್ಪತ್ತು ದಾಟಿದ ದೇಹದಲ್ಲಿ ಹೊಸ ಪ್ರತಿಕಾಯಗಳು ಕಡಿಮೆ ಹುಟ್ಟುತ್ತವೆ, ಬೇಗ ಇಳಿಯುತ್ತವೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಸ್ಟೀರಾಯ್ಡ್ ಮಾತ್ರೆಗಳು ಇದ್ದರೆ ಇನ್ನಷ್ಟು. ಇದಕ್ಕಾಗಿಯೇ ಕೆಲವು ದೇಶಗಳಲ್ಲಿ 65 ದಾಟಿದವರಿಗೆ ನಾಲ್ಕು ಪಟ್ಟು ಹೆಚ್ಚು ಪ್ರಮಾಣದ ಲಸಿಕೆ ಕೊಡುತ್ತಾರೆ. ಮಾಮೂಲಿ ಲಸಿಕೆಯಲ್ಲಿ ಪ್ರತಿ ತಳಿಗೆ 15 ಮೈಕ್ರೊಗ್ರಾಂ ಹೀಮಾಗ್ಲುಟಿನಿನ್ ಇದ್ದರೆ ಅದರಲ್ಲಿ 60. ಹಿರಿಯರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಮಾಮೂಲಿ ಲಸಿಕೆ ಪಡೆದವರಿಗಿಂತ ಈ ಲಸಿಕೆ ಪಡೆದವರಲ್ಲಿ ಫ್ಲೂ ಶೇ 24ರಷ್ಟು ಕಡಿಮೆ ಕಂಡಿತು.

ಇನ್ನೊಂದು ಕಾರಣ ಬಹಳ ಕುತೂಹಲದ್ದು. ಬಾಲ್ಯದಲ್ಲಿ ಮೊದಲ ಬಾರಿ ಯಾವ ಫ್ಲೂ ತಗುಲಿತೋ ಅದರ ನೆನಪು ದೇಹದಲ್ಲಿ ಜೀವನಪೂರ್ತಿ ಗಟ್ಟಿಯಾಗಿ ಉಳಿಯುತ್ತದೆ. ಎಚ್3ಎನ್2 ಜಗತ್ತಿಗೆ ಬಂದದ್ದು 1968ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರು ಬಾಲ್ಯದಲ್ಲಿ ಕಂಡದ್ದು ಬೇರೆ ಫ್ಲೂಗಳನ್ನು. ಹೊಸ ಲಸಿಕೆ ಕೊಟ್ಟಾಗಲೂ ದೇಹ ಮೊದಲು ತಿರುಗುವುದು ಆ ಹಳೆಯ ನೆನಪಿನ ಕಡೆಗೆ. ಹಾಗಾಗಿ ಒಂದೇ ಲಸಿಕೆಗೆ ಹುಟ್ಟಿದ ವರ್ಷಕ್ಕನುಗುಣವಾಗಿ ಬೇರೆ ಬೇರೆ ಉತ್ತರ ಬರುತ್ತದೆ.

ಸೋಂಕನ್ನೇ ತಡೆಯಲಾಗದ ಲಸಿಕೆ ತೀವ್ರತೆಯನ್ನು ತಗ್ಗಿಸುತ್ತದೆ ಎಂದರೆ ನಂಬುವುದು ಹೇಗೆ?

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಏಕೆಂದರೆ ಹೆಚ್ಚಿನವರು ಲಸಿಕೆಯನ್ನು ಬಾಗಿಲಿನ ಬೀಗದಂತೆ ಕಲ್ಪಿಸಿಕೊಂಡಿರುತ್ತಾರೆ. ಬೀಗ ಮುರಿದರೆ ಮನೆ ಹೋಯಿತು ಎಂದು. ದೇಹದ ರಕ್ಷಣೆ ಹಾಗಿಲ್ಲ.

ಸೋಂಕು ತಗುಲದಂತೆ ತಡೆಯಬೇಕಾದರೆ ಮೂಗು, ಗಂಟಲಿನ ಮೇಲ್ಪದರದಲ್ಲೇ, ವೈರಾಣು ಬಂದ ಗಳಿಗೆಯಲ್ಲೇ, ಸರಿಯಾಗಿ ಹೊಂದುವ ಪ್ರತಿಕಾಯಗಳು ಸಾಕಷ್ಟು ಇರಬೇಕು. ತೋಳಿಗೆ ಹಾಕಿದ ಚುಚ್ಚುಮದ್ದಿನ ಪ್ರತಿಕಾಯಗಳು ರಕ್ತದಲ್ಲಿ ಹೆಚ್ಚು, ಮೂಗಿನ ಪದರದಲ್ಲಿ ಕಡಿಮೆ. ವೈರಾಣು ಆಕಾರವನ್ನೂ ಬದಲಿಸಿದ್ದರೆ ಆ ಮೊದಲ ಬಾಗಿಲು ಸುಲಭವಾಗಿ ತೆರೆದುಕೊಳ್ಳುತ್ತದೆ. ಮೂಗು ಸೋರುತ್ತದೆ, ಜ್ವರ ಬರುತ್ತದೆ.

ಆದರೆ ಫ್ಲೂ ಜೀವಕ್ಕೆ ಕುತ್ತು ತರುವುದು ಮೂಗಿನಲ್ಲಿ ಅಲ್ಲ, ಶ್ವಾಸಕೋಶದ ಆಳದಲ್ಲಿ. ಅಲ್ಲಿಗೆ ಇಳಿಯಲು ವೈರಾಣುವಿಗೆ ಕೆಲವು ದಿನ ಬೇಕು. ಆ ಕೆಲವು ದಿನ ಲಸಿಕೆ ಕಲಿಸಿದ ದೇಹಕ್ಕೆ ಸಿಗುವ ಅವಕಾಶ. ಲಸಿಕೆಯಿಂದ ಹುಟ್ಟಿದ ನೆನಪಿನ ಕೋಶಗಳು ಎಚ್ಚೆತ್ತು, ಹೊಸ ತಳಿಗೆ ಅರೆಬರೆ ಹೊಂದುವ ಪ್ರತಿಕಾಯಗಳನ್ನಾದರೂ ಬೇಗ ತಯಾರಿಸುತ್ತವೆ. ಲಸಿಕೆ ಕಾಣದ ದೇಹ ಇದೇ ಕೆಲಸವನ್ನು ಹೆಚ್ಚು ತಡವಾಗಿ ಮಾಡುತ್ತದೆ. ಅರೆಬರೆ ಹೊಂದುವ ಪ್ರತಿಕಾಯಕ್ಕೆ ವೈರಾಣುವನ್ನು ಪೂರ್ತಿ ತಡೆಯಲು ಆಗದಿರಬಹುದು, ಆದರೆ ಅದರ ಸಂಖ್ಯೆ ಬೆಳೆಯುವ ವೇಗವನ್ನು ತಗ್ಗಿಸಬಲ್ಲದು. ರಕ್ತದಲ್ಲಿರುವ ಪ್ರತಿಕಾಯಗಳು ಶ್ವಾಸಕೋಶದ ಆಳಕ್ಕೆ ಸುಲಭವಾಗಿ ತಲುಪುತ್ತವೆ, ಮೂಗಿನಲ್ಲಿ ಸೋತ ಲಸಿಕೆ ಅಲ್ಲಿ ನೆರವಿಗೆ ಬರುತ್ತದೆ. ಇದರ ಜೊತೆಗೆ ಸೋಂಕಿತ ಕೋಶಗಳನ್ನು ಗುರುತಿಸುವ ಟಿ ಕೋಶಗಳಿವೆ. ಅವು ನೋಡುವುದು ವೈರಾಣುವಿನ ಒಳಗಿನ, ಹೆಚ್ಚು ಬದಲಾಗದ ಭಾಗಗಳನ್ನೂ. ನಿಷ್ಕ್ರಿಯ ಲಸಿಕೆ ಇವನ್ನು ಅಷ್ಟು ಬಲವಾಗಿ ಹುರಿದುಂಬಿಸುವುದಿಲ್ಲ ಎಂಬುದೂ ನಿಜ. ಹಳೆಯ ಸೋಂಕುಗಳಿಂದ ಬಂದ ಟಿ ಕೋಶಗಳು ಈ ಕೆಲಸದಲ್ಲಿ ಕೈಜೋಡಿಸುತ್ತವೆ.

ಇದು ಬರೀ ವಾದವೇ, ಸಾಕ್ಷಿ ಇದೆಯೇ?

ಇದೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ 2012ರಿಂದ 2015ರವರೆಗೆ ನಡೆದ ಅಧ್ಯಯನದಲ್ಲಿ, ಫ್ಲೂನಿಂದ ತೀವ್ರ ನಿಗಾ ಘಟಕಕ್ಕೆ ಸೇರುವ ಅಪಾಯ ಲಸಿಕೆ ಪಡೆದ ವಯಸ್ಕರಲ್ಲಿ ಶೇ 82ರಷ್ಟು ಕಡಿಮೆ ಇತ್ತು. ಅದಕ್ಕಿಂತಲೂ ನಮ್ಮ ಪ್ರಶ್ನೆಗೆ ಹತ್ತಿರವಾದದ್ದು ಇನ್ನೊಂದು ಅಂಕಿ: ಫ್ಲೂ ಬಂದು ಆಸ್ಪತ್ರೆಗೆ ಸೇರಿಯೇಬಿಟ್ಟಿದ್ದವರಲ್ಲೂ, ಅಂದರೆ ಸೋಂಕು ತಡೆಯುವಲ್ಲಿ ಲಸಿಕೆ ಸೋತವರಲ್ಲೂ, ಲಸಿಕೆ ಪಡೆದವರು ತೀವ್ರ ನಿಗಾ ಘಟಕಕ್ಕೆ ಹೋಗುವ ಸಾಧ್ಯತೆ ಶೇ 59ರಷ್ಟು ಕಡಿಮೆ ಇತ್ತು. ಅಮೆರಿಕದಲ್ಲಿ 2010ರಿಂದ 2014ರವರೆಗಿನ ನಾಲ್ಕು ಋತುಗಳ ಮಕ್ಕಳ ಸಾವುಗಳನ್ನು ಪರಿಶೀಲಿಸಿದಾಗ, ಆರೋಗ್ಯವಂತ ಮಕ್ಕಳಲ್ಲಿ ಲಸಿಕೆ ಫ್ಲೂ ಸಾವಿನ ಅಪಾಯವನ್ನು ಶೇ 65ರಷ್ಟು, ಬೇರೆ ಕಾಯಿಲೆಗಳಿದ್ದ ಮಕ್ಕಳಲ್ಲಿ ಶೇ 51ರಷ್ಟು ತಗ್ಗಿಸಿತ್ತು.

ಎಲ್ಲ ಅಧ್ಯಯನಗಳೂ ಇಷ್ಟು ದೊಡ್ಡ ಲಾಭ ತೋರಿಸಿಲ್ಲ. ಆಸ್ಪತ್ರೆ ಸೇರಿದ ವಯಸ್ಕರ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಆ ಲಾಭ ಹೆಚ್ಚು ಸಾಧಾರಣ: ತೀವ್ರ ನಿಗಾ ಘಟಕದ ಅಪಾಯ ಶೇ 26ರಷ್ಟು ಕಡಿಮೆ, ಸಾವಿನ ಅಪಾಯ ಶೇ 31ರಷ್ಟು ಕಡಿಮೆ. ನಾನು ನಂಬುವುದು ಈ ಸಣ್ಣ ಅಂಕಿಗಳನ್ನು. ಲಸಿಕೆ ಹಾಕಿಸಿಕೊಳ್ಳುವವರು ಮೊದಲೇ ಒಂದಿಷ್ಟು ಗಟ್ಟಿಮುಟ್ಟಾಗಿರಬಹುದು, ಬೇಗ ಚಿಕಿತ್ಸೆಗೆ ಬರಬಹುದು. ಸಂಶೋಧಕರು ಇದನ್ನು ಸರಿದೂಗಿಸಲು ಯತ್ನಿಸುತ್ತಾರೆ, ಆದರೆ ಪೂರ್ತಿ ಸಾಧ್ಯವಾಗಿದೆ ಎಂದು ಯಾರೂ ಎದೆ ತಟ್ಟಿ ಹೇಳಲಾರರು.

ಕೆಟ್ಟ ವರ್ಷದಲ್ಲೂ ಲಾಭ ಇದೆ ಎಂಬುದನ್ನು ಲೆಕ್ಕದಲ್ಲಿ ತೋರಿಸಿ.

ಒಂದು ಲಕ್ಷ ಹಿರಿಯರನ್ನು ಕಲ್ಪಿಸಿಕೊಳ್ಳಿ. ಯಾರೂ ಲಸಿಕೆ ಪಡೆಯದಿದ್ದರೆ 10,000 ಮಂದಿಗೆ ಫ್ಲೂ, ಅವರಲ್ಲಿ 1,000 ಮಂದಿ ಆಸ್ಪತ್ರೆಗೆ, ಅವರಲ್ಲಿ 200 ಮಂದಿ ತೀವ್ರ ನಿಗಾ ಘಟಕಕ್ಕೆ ಎಂದಿಟ್ಟುಕೊಳ್ಳೋಣ. ಇವು ಲೆಕ್ಕ ತಿಳಿಯಲು ಇಟ್ಟ ಸಂಖ್ಯೆಗಳು, ಯಾವುದೋ ಊರಿನ ಅಂಕಿಅಂಶಗಳಲ್ಲ.

ಸಾಧಾರಣ ವರ್ಷ, ಎಲ್ಲರೂ ಲಸಿಕೆ ಪಡೆದಿದ್ದಾರೆ, ಪರಿಣಾಮ ಶೇ 40. ಫ್ಲೂ 6,000ಕ್ಕೆ, ಆಸ್ಪತ್ರೆ 600ಕ್ಕೆ, ತೀವ್ರ ನಿಗಾ 120ಕ್ಕೆ ಇಳಿಯಿತು. ಇದು ಕಾಯಿಲೆ ಬರದಂತೆ ತಡೆದದ್ದರ ಲಾಭ ಮಾತ್ರ. ಆಸ್ಪತ್ರೆ ಸೇರಿದವರಲ್ಲೂ ತೀವ್ರ ನಿಗಾ ಘಟಕದ ಅಪಾಯ ಶೇ 26ರಷ್ಟು ಕಡಿಮೆ ಎಂಬುದನ್ನು ಇದಕ್ಕೆ ಸೇರಿಸಿದರೆ 120 ಸುಮಾರು 89ಕ್ಕೆ ಇಳಿಯುತ್ತದೆ.

ಈಗ ಕೆಟ್ಟ ವರ್ಷ, ಪರಿಣಾಮ ಶೇ 20. ಫ್ಲೂ 8,000, ಆಸ್ಪತ್ರೆ 800, ತೀವ್ರ ನಿಗಾ 160. ಅದೇ ಶೇ 26 ಇಲ್ಲೂ ಉಳಿದಿದ್ದರೆ ಸುಮಾರು 118. ಅಂದರೆ "ಶೇ 20 ಮಾತ್ರ" ಎಂದು ಎಲ್ಲರೂ ಕೈಚೆಲ್ಲಿದ ಲಸಿಕೆಯಿಂದ ತೀವ್ರ ನಿಗಾ ಘಟಕದ ಹಾಸಿಗೆಗಳಲ್ಲಿ ಶೇ 41ರಷ್ಟು ಖಾಲಿ ಉಳಿದವು. ಬಹಳ ಕೆಟ್ಟ ವರ್ಷದಲ್ಲಿ ಆ ಎರಡನೆಯ ಲಾಭವೂ ಕುಗ್ಗಬಹುದು. ಆದರೆ ಎರಡು ಲಾಭಗಳು ಒಂದರ ಮೇಲೊಂದು ಕೂಡುವ ರೀತಿ ಇದು, ಪತ್ರಿಕೆಯ ಒಂದು ಅಂಕಿಯಲ್ಲಿ ಎರಡನೆಯದು ಕಾಣುವುದಿಲ್ಲ.

ಹೃದಯದ ತೊಂದರೆ ಇರುವವರಿಗೆ ವೈದ್ಯರು ಒತ್ತಾಯಿಸುವುದೇಕೆ?

ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುತ್ತದೆ ಎಂದು ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ದೇಹವಿಡೀ ಏಳುವ ಉರಿಯೂತ ರಕ್ತನಾಳದೊಳಗಿನ ಹಳೆಯ ಕೊಬ್ಬಿನ ಗಂಟುಗಳನ್ನು ಕೆದಕುತ್ತದೆ. ಇಂಥ ಸಾವುಗಳು ದಾಖಲೆಯಲ್ಲಿ ಫ್ಲೂ ಎಂದು ಬರೆಯಲ್ಪಡುವುದೂ ಇಲ್ಲ. ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಿಗೆ ಅಲ್ಲೇ ಫ್ಲೂ ಲಸಿಕೆ ಕೊಟ್ಟು ನೋಡಿದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಮುಂದಿನ ಒಂದು ವರ್ಷದಲ್ಲಿ ಸಾವು, ಮತ್ತೊಂದು ಹೃದಯಾಘಾತ ಅಥವಾ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಲಸಿಕೆಯಿಲ್ಲದವರಲ್ಲಿ ಶೇ 7.2, ಪಡೆದವರಲ್ಲಿ ಶೇ 5.3.

ಕರ್ನಾಟಕದಲ್ಲಿ ಯಾವಾಗ ಹಾಕಿಸಿಕೊಳ್ಳಬೇಕು?

ಅಮೆರಿಕದ ಬಂಧುಗಳು "ಅಕ್ಟೋಬರಿನಲ್ಲಿ ಹಾಕಿಸಿಕೊಳ್ಳಿ" ಎಂದು ಫೋನಿನಲ್ಲಿ ಹೇಳುವುದುಂಟು. ಅವರ ಊರಿಗೆ ಅದು ಸರಿ. ಕಾಶ್ಮೀರದಲ್ಲಿ ಫ್ಲೂ ಏರುವುದು ಚಳಿಗಾಲದಲ್ಲಿ, ದೇಶದ ಉಳಿದ ಬಹುಭಾಗದಲ್ಲಿ ಮಳೆಗಾಲದಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಏರಿಕೆಯೂ ಇರುತ್ತದೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ಮತ್ತು ಹರಿಯಾಣದಲ್ಲಿ ಎಚ್3ಎನ್2ರಿಂದ ತಲಾ ಒಂದು ಸಾವು ವರದಿಯಾಗಿ ಎಲ್ಲರೂ ಬೆಚ್ಚಿದ್ದು ಅಂಥ ಏರಿಕೆಯಲ್ಲಿ.

ಲಸಿಕೆಯ ರಕ್ಷಣೆ ತಿಂಗಳು ತಿಂಗಳು ಸವೆಯುವುದರಿಂದ ಸಮಯಕ್ಕೆ ಬೆಲೆ ಇದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು ಒಳ್ಳೆಯದು. ಲಸಿಕೆಯ ಪೆಟ್ಟಿಗೆಯ ಮೇಲೆ ಯಾವ ಗೋಳಾರ್ಧದ, ಯಾವ ವರ್ಷದ ತಳಿ ಎಂದು ಅಚ್ಚಾಗಿರುತ್ತದೆ: ಉತ್ತರದ್ದಾದರೆ NH, ದಕ್ಷಿಣದ್ದಾದರೆ SH. ಬೇಸಿಗೆಯಲ್ಲಿ ಹಾಕಿಸಿಕೊಳ್ಳುವವರು ಆ ವರ್ಷದ SH ಸಿಗುತ್ತದೆಯೇ ಎಂದು ಕೇಳಿ. ಹಿಂದಿನ ಚಳಿಗಾಲದ ಉಳಿಕೆಗಿಂತ ಅದು ಹೊಸದು. ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು ಬೇಕು. ಎರಡನೆಯದನ್ನು ಮರೆತ ಮಗುವಿಗೆ ಸಿಗುವುದು ಅರೆ ರಕ್ಷಣೆ.

ಪ್ರತಿ ವರ್ಷ ಹಾಕಿಸಿಕೊಂಡರೆ ಪರಿಣಾಮ ಕುಗ್ಗುತ್ತದೆ ಎನ್ನುತ್ತಾರಲ್ಲ?

ಕೆಲವು ಋತುಗಳಲ್ಲಿ, ಮುಖ್ಯವಾಗಿ ಎಚ್3ಎನ್2 ವಿಷಯದಲ್ಲಿ, ಸತತವಾಗಿ ಪಡೆದವರಲ್ಲಿ ರಕ್ಷಣೆ ಸ್ವಲ್ಪ ಕಡಿಮೆ ಕಂಡಿರುವುದು ನಿಜ. ಆದರೆ ಆ ವರ್ಷ ಲಸಿಕೆಯನ್ನೇ ಪಡೆಯದವರಿಗಿಂತ ಅವರು ಸಾಮಾನ್ಯವಾಗಿ ಮುಂದೆಯೇ ಇದ್ದರು. ಹಳೆಯ ಲಸಿಕೆಯ ರಕ್ಷಣೆ ಇನ್ನೊಂದು ವರ್ಷಕ್ಕೆ ಸಾಲುವುದಿಲ್ಲವಾದ್ದರಿಂದ ಬಿಟ್ಟುಬಿಡುವುದರಿಂದ ಲಾಭವಿಲ್ಲ.

ಲಸಿಕೆ ಪಡೆದವರಿಗೆ ಜ್ವರ ಬಂದರೆ ನಿಶ್ಚಿಂತೆಯಿಂದ ಇರಬಹುದೇ?

ಬೇಡ. ತೀವ್ರತೆ ಕಡಿಮೆಯಾಗುವ ಸಾಧ್ಯತೆ ಹೆಚ್ಚು ಎಂಬುದು ಒಂದು ಗುಂಪಿನ ಲೆಕ್ಕ, ನಿಮ್ಮ ತಾಯಿಗೆ ಕೊಟ್ಟ ಖಾತರಿಯಲ್ಲ. ಅರವತ್ತೈದು ದಾಟಿದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಇರುವವರು ಜ್ವರ ಬಂದ ಮೊದಲ ಎರಡು ದಿನಗಳಲ್ಲೇ ವೈದ್ಯರನ್ನು ಕಾಣಬೇಕು. ಒಸೆಲ್ಟಾಮಿವಿರ್ ಎಂಬ ಔಷಧಿ 48 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಅದನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ. ಉಸಿರು ಕಟ್ಟುವುದು, ಎದೆ ನೋವು, ತುಟಿ ನೀಲಿಯಾಗುವುದು, ಮಂಪರು, ಮಗು ಹಾಲು ಬಿಡುವುದು, ಇಳಿದ ಜ್ವರ ಎರಡು ದಿನ ಬಿಟ್ಟು ಇನ್ನೂ ಜೋರಾಗಿ ಮರಳುವುದು: ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೇ ಆಗಿರಲಿ, ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಈ ಋತುವಿನಲ್ಲಿ ಯಾವ ಲಸಿಕೆ, ಯಾವ ತಿಂಗಳು ಹಾಕಿಸಿಕೊಂಡಿರಿ ಎಂಬುದನ್ನು ಅಲ್ಲಿನ ವೈದ್ಯರಿಗೆ ತಿಳಿಸಿ.